‘ಡಿಲೀಟ್ ಮಾಡಿದ್ದೆ ಸರ್!’: ಅಳಿಸಿದ ಫೋಟೋ ಎಲ್ಲೆಲ್ಲಿ ಉಳಿಯುತ್ತದೆ ಎಂಬ ಒಂದು ಪೀರಿಯಡ್‌ನ ಪಾಠ

ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಈ ವಿಷಯ ಹೇಳಲು ಹೊರಟವರು ಸಾಮಾನ್ಯವಾಗಿ ಒಂದೇ ವಾಕ್ಯದಿಂದ ಶುರುಮಾಡುತ್ತಾರೆ: ‘ಇಂಟರ್ನೆಟ್ಟಿಗೆ ಒಮ್ಮೆ ಹೋದದ್ದು ಎಂದೆಂದಿಗೂ ಹೋಗುವುದಿಲ್ಲ.’ ದಯವಿಟ್ಟು ಇದನ್ನು ಬಿಡಿ. ಮೊದಲನೆಯದಾಗಿ ಅದು ಪೂರ್ತಿ ನಿಜವಲ್ಲ, ಅಳಿಸಿದ್ದರಲ್ಲಿ ಬಹುಪಾಲು ನಿಜವಾಗಿಯೂ ಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಈ ಮಾತು ನಂಬಿದ ಮಗು ರಾತ್ರಿ ಒಂದು ತಪ್ಪು ಫೋಟೋ ಹಾಕಿಬಿಟ್ಟರೆ, ‘ಇನ್ನೇನು, ಹೋಗಿದ್ದು ಹೋಯ್ತು’ ಎಂದು ಅಳಿಸುವ ಗೋಜಿಗೂ ಹೋಗುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಬೇಗ ಅಳಿಸಿದರೆ ಎಷ್ಟು ಉಳಿಯುತ್ತದೆ, ತಡಮಾಡಿದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಕಣ್ಣೆದುರು ಮಾಡಿ ತೋರಿಸುವುದೇ ಈ ಪಾಠ. 40 ನಿಮಿಷದ ಒಂದು ಪೀರಿಯಡ್ ಸಾಕು. ಕರಿಹಲಗೆ, ಒಂದು ಕಂಪ್ಯೂಟರ್, ಒಂದು ಪೆನ್‌ಡ್ರೈವ್ ಬೇಕು.

ಹಿಂದಿನ ದಿನವೇ ಮಾಡಿಟ್ಟುಕೊಳ್ಳುವುದು

ಪೆನ್‌ಡ್ರೈವ್ 4 ಅಥವಾ 8 ಜಿಬಿಯದು ಸಾಕು, ದೊಡ್ಡದಾದಷ್ಟೂ ತರಗತಿಯಲ್ಲಿ ಕಾಯುವುದು ಹೆಚ್ಚು. ಇಲ್ಲಿ ಒಂದು ಎಚ್ಚರಿಕೆ: ಮನೆಯಲ್ಲಿ ಬಳಸುವ ಹಳೆಯ ಪೆನ್‌ಡ್ರೈವನ್ನು ‘ಖಾಲಿ ಇದೆಯಲ್ಲ’ ಎಂದು ತರಬೇಡಿ. ಅಳಿಸಿದ ಫೋಟೋಗಳನ್ನು ಮರಳಿ ತರುವ ಪ್ರಯೋಗ ಇದು. ನಾಲ್ಕು ವರ್ಷದ ಹಿಂದೆ ನೀವು ಅಳಿಸಿದ್ದ ಮನೆಯ ಫೋಟೋಗಳೂ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರವೂ ಐವತ್ತು ಮಕ್ಕಳ ಮುಂದೆ ಎದ್ದುಬಂದಾವು. ಹೊಸದನ್ನು ತನ್ನಿ. ಹಳೆಯದೇ ಗತಿ ಎಂದಾದರೆ ವಿಂಡೋಸ್‌ನಲ್ಲಿ Format ಕೊಡುವಾಗ Quick Format ಎದುರಿನ ಟಿಕ್ ತೆಗೆದು, FAT32 ಆರಿಸಿ, ಪೂರ್ತಿ ಫಾರ್ಮ್ಯಾಟ್ ಮಾಡಿ. ಆಗ ಇಡೀ ಪೆನ್‌ಡ್ರೈವ್ ಮೇಲೆ ಸೊನ್ನೆಗಳನ್ನು ಬರೆಯಲಾಗುತ್ತದೆ. ಅದಕ್ಕೇ ಅದು ನಿಧಾನ, ರಾತ್ರಿ ಹಚ್ಚಿಟ್ಟು ಬಿಡುವುದು ಒಳ್ಳೆಯದು.

ಆಮೇಲೆ ಅದಕ್ಕೆ ಹತ್ತು ಫೋಟೋ ಹಾಕಿ. ಶಾಲೆಯ ಮರ, ಗಂಟೆ, ಬಿಸಿಯೂಟದ ಪಾತ್ರೆ, ಯಾವುದಾದರೂ ಆದೀತು. ಜನರ ಮುಖ ಬೇಡ. cgsecurity.org ತಾಣದಿಂದ ಟೆಸ್ಟ್‌ಡಿಸ್ಕ್ ಮತ್ತು ಫೋಟೋರೆಕ್ ಎಂಬ ಉಚಿತ ತಂತ್ರಾಂಶದ ಜಿಪ್ ಫೈಲ್ ಇಳಿಸಿಕೊಂಡು, ಲ್ಯಾಬಿನ ಕಂಪ್ಯೂಟರಿನಲ್ಲಿ ಬಿಚ್ಚಿಡಿ. ಶಾಲೆಯಲ್ಲಿ ನೆಟ್ ಇದೆಯೋ ಇಲ್ಲವೋ ಎಂಬ ತಾಪತ್ರಯ ಬೇಡ, ಮನೆಯಲ್ಲೇ ಇಳಿಸಿಕೊಂಡು ಹೋಗಿ. ಆ ಫೈಲನ್ನು ಮಾತ್ರ ಬೇರೆ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಮೊದಲ ಹದಿನೈದು ನಿಮಿಷ: ಹಲಗೆಯ ಮೇಲೆ ಹನ್ನೊಂದು ನಿಮಿಷದ ಲೆಕ್ಕ

ಹಲಗೆಯ ಮೇಲೆ ಒಂದು ಸನ್ನಿವೇಶ ಬರೆಯಿರಿ. ಕಲ್ಪಿತವೇ ಇರಲಿ, ಆದರೆ ತರಗತಿಯಲ್ಲಿ ನಡೆದದ್ದಕ್ಕೆ ತೀರ ಹತ್ತಿರ ಇರಬಾರದು, ಯಾರೋ ಒಬ್ಬರು ಕುಗ್ಗಿ ಕೂತುಬಿಡುತ್ತಾರೆ. ನಾವು ಬಳಸುವುದು ಇದು:

ಶಾಲಾ ಪ್ರವಾಸದಿಂದ ಹಂಪಿಗೆ ಹೋಗಿ ಬಂದ ರಾತ್ರಿ. ಬಸ್ಸಿನಲ್ಲಿ ಬಾಯಿ ತೆರೆದು, ಜೊಲ್ಲು ಸುರಿಸಿಕೊಂಡು ಮಲಗಿದ್ದ ಗೆಳೆಯನ ಫೋಟೋವನ್ನು ಒಬ್ಬ ಹುಡುಗ 42 ಜನರ ತರಗತಿಯ ವಾಟ್ಸ್ಯಾಪ್ ಗ್ರೂಪಿಗೆ 9.10ಕ್ಕೆ ಹಾಕುತ್ತಾನೆ. ಗೆಳೆಯ ಅಳುತ್ತಾ ಫೋನ್ ಮಾಡುತ್ತಾನೆ. 9.21ಕ್ಕೆ ಅವನು Delete for everyone ಒತ್ತುತ್ತಾನೆ.

ಈಗ ಕೇಳಿ: ‘9.22ಕ್ಕೆ ಆ ಫೋಟೋ ಎಲ್ಲೆಲ್ಲಿ ಇದೆ?’ ಅರ್ಧ ಮಕ್ಕಳು ‘ಎಲ್ಲೂ ಇಲ್ಲ’ ಎನ್ನುತ್ತಾರೆ, ಉಳಿದರ್ಧ ‘ಎಲ್ಲಾ ಕಡೆ ಇದೆ’ ಎನ್ನುತ್ತಾರೆ. ಎರಡೂ ತಪ್ಪು ಎಂದು ಹೇಳಿ, ಹಲಗೆಯ ಮೇಲೆ ಎಣಿಸಲು ತೊಡಗಿ.

ಕಳಿಸಿದವನನ್ನು ಬಿಟ್ಟರೆ 41 ಫೋನು. ಅದರಲ್ಲಿ 9 ಫೋನಿನ ನೆಟ್ ಆಫ್ ಇತ್ತು ಎಂದಿಟ್ಟುಕೊಳ್ಳಿ. ಅವರಿಗಾಗಿ ಫೋಟೋ ಇನ್ನೂ ವಾಟ್ಸ್ಯಾಪ್‌ನ ಸರ್ವರಿನಲ್ಲಿ ಕಾಯುತ್ತಿತ್ತು. ಬೆಳಗ್ಗೆ ಅವರು ನೆಟ್ ಹಾಕಿದಾಗ ಕಾಣುವುದು ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಗೆರೆ ಮಾತ್ರ. ಇಲ್ಲಿ ಡಿಲೀಟ್ ಕೆಲಸ ಮಾಡಿತು. ಒಂಬತ್ತನ್ನು ಹಲಗೆಯ ಮೇಲೆ ಹೊಡೆದುಹಾಕಿ.

ಉಳಿದ 32 ಫೋನಿಗೆ ಫೋಟೋ ಬಂದಿದೆ, 14 ಜನ ತೆರೆದು ನೋಡಿದ್ದಾರೆ. ಡಿಲೀಟ್ ಒತ್ತಿದಾಗ ವಾಟ್ಸ್ಯಾಪ್ ಆ 32 ಫೋನಿಗೂ ‘ಇದನ್ನು ತೆಗೆ’ ಎಂಬ ಸೂಚನೆ ಕಳಿಸುತ್ತದೆ. ಮಕ್ಕಳಿಗೆ ಒತ್ತಿ ಹೇಳಬೇಕಾದ ಜಾಗ ಇದೇ. ನಾವು ಬೇರೆಯವರ ಫೋನಿಗೆ ಕೈಹಾಕಿ ಅಳಿಸುತ್ತಿಲ್ಲ, ಅಳಿಸು ಎಂದು ಅವರ ಫೋನಿನಲ್ಲಿರುವ ಆ್ಯಪಿಗೆ ಹೇಳಿಕಳಿಸುತ್ತಿದ್ದೇವೆ. ಆ್ಯಪ್ ತನ್ನ ಕೈಯಲ್ಲಿರುವುದನ್ನು ತೆಗೆಯುತ್ತದೆ. ಅದರ ಕೈಗೆ ಸಿಗದ ಕಡೆ ಹೋಗಿರುವ ಪ್ರತಿಯ ಸುದ್ದಿಯೇ ಅದಕ್ಕೆ ಗೊತ್ತಿರುವುದಿಲ್ಲ.

ಹಾಗೆ ಕೈತಪ್ಪಿದ್ದು ಮೂರು ಎಂದು ಬರೆಯಿರಿ. ಒಬ್ಬಳ ಹತ್ತಿರ ಅಕ್ಕನ ಐಫೋನ್ ಇದೆ, ಬಂದ ಫೋಟೋಗಳೆಲ್ಲ ತಾನಾಗಿಯೇ ಫೋಟೋಸ್ ಆ್ಯಪಿಗೆ ಸೇರುವಂತೆ ಇಟ್ಟುಕೊಂಡಿದ್ದಾಳೆ. ಐಫೋನಿನಲ್ಲಿ ಹಾಗೆ ಸೇರಿದ್ದು ಚಾಟ್‌ನಿಂದ ಅಳಿಸಿದ ಮೇಲೂ ಉಳಿಯಬಹುದು ಎಂದು ವಾಟ್ಸ್ಯಾಪ್ ತಾನೇ ಹೇಳಿಕೊಂಡಿದೆ. ಇನ್ನೊಬ್ಬ ನಗುತ್ತಾ ಸ್ಕ್ರೀನ್‌ಶಾಟ್ ತೆಗೆದ. ಅದು ಅವನ ಫೋನಿನದೇ ಹೊಸ ಚಿತ್ರ, ವಾಟ್ಸ್ಯಾಪಿಗೂ ಅದಕ್ಕೂ ಸಂಬಂಧ ಇಲ್ಲ. ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದ್ದು, ಸ್ಕ್ರೀನ್‌ಶಾಟ್ ಫೋಲ್ಡರನ್ನೂ ಅದಕ್ಕೆ ಸೇರಿಸಿದ್ದರೆ ಅವನ ಅಪ್ಪನ ಟ್ಯಾಬ್‌ನಲ್ಲೂ ಕಾಣಬಹುದು, ಮನೆಮಂದಿಯದೆಲ್ಲ ಒಂದೇ ಜಿಮೇಲ್ ಆಗಿದ್ದರೆ. ಮೂರನೆಯವನು 25 ಜನರ ಕ್ರಿಕೆಟ್ ಗ್ರೂಪಿಗೆ ಫಾರ್ವರ್ಡ್ ಮಾಡಿದ.

ಫಾರ್ವರ್ಡ್ ಮಾಡಿದ್ದು ಬೇರೆಯೇ ಒಂದು ಸಂದೇಶ. ಮೊದಲಿನದನ್ನು ಅಳಿಸಿದರೆ ಅದಕ್ಕೇನೂ ಆಗುವುದಿಲ್ಲ. ಕ್ರಿಕೆಟ್ ಗ್ರೂಪಿನಲ್ಲಿ ಅದನ್ನು ಎಲ್ಲರಿಗೂ ಅಳಿಸಬಲ್ಲವರು ಇಬ್ಬರೇ: ಫಾರ್ವರ್ಡ್ ಮಾಡಿದವನು ಅಥವಾ ಆ ಗ್ರೂಪಿನ ಅಡ್ಮಿನ್. ನಮ್ಮ ಹುಡುಗ ಆ ಗ್ರೂಪಿನಲ್ಲೇ ಇಲ್ಲದಿದ್ದರೆ ಅವನಿಗೆ ಸುದ್ದಿಯೂ ತಿಳಿಯುವುದಿಲ್ಲ.

ಈಗ ಹಲಗೆ ನೋಡಿ. ತರಗತಿಯ ಗ್ರೂಪಿನ 41 ಫೋನಿನ ಚಾಟ್‌ನಿಂದಲೂ ಫೋಟೋ ಹೋಗಿದೆ. ಅಷ್ಟರ ಮಟ್ಟಿಗೆ ಡಿಲೀಟ್ ಗೆದ್ದಿದೆ. ಆದರೂ ಮೂರು ಬೆರಳು ಮಾಡಿದ ಕೆಲಸದಿಂದ ಅದು ಇನ್ನೂ ಇಪ್ಪತ್ತಾರು ಇಪ್ಪತ್ತೇಳು ಫೋನಿನಲ್ಲಿದೆ. ಮಕ್ಕಳು ಇದನ್ನು ತಾವೇ ಕೂಡಿಸಿ ಹೇಳುವಂತೆ ಬಿಡಿ, ನೀವು ಹೇಳಬೇಡಿ.

ಇದೇ ಲೆಕ್ಕವನ್ನು ಸಮಯ ಬದಲಿಸಿ ಇನ್ನೊಮ್ಮೆ ಮಾಡಿಸಿ. ಅವನು 9.21ರ ಬದಲು ಮರುದಿನ ಬೆಳಗ್ಗೆ 7ಕ್ಕೆ ಅಳಿಸಿದ್ದರೆ? ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಯಾಪ್ ದಿನಾ ರಾತ್ರಿ 2 ಗಂಟೆಗೆ ಚಾಟ್‌ಗಳ ಒಂದು ಬ್ಯಾಕಪ್ ಅನ್ನು ಫೋನಿನೊಳಗೇ ತೆಗೆದಿಡುತ್ತದೆ, ಸುಮಾರು ಒಂದು ವಾರದ ಬ್ಯಾಕಪ್‌ಗಳು ಅಲ್ಲಿರುತ್ತವೆ. 9.21ಕ್ಕೆ ಅಳಿಸಿದ ಸಂದೇಶ ಆ ರಾತ್ರಿಯ ಬ್ಯಾಕಪ್ಪಿಗೆ ಸೇರುವುದೇ ಇಲ್ಲ. ಬೆಳಗ್ಗೆ 7ಕ್ಕೆ ಅಳಿಸಿದ್ದು ಸೇರಿರುತ್ತದೆ. ಜೊತೆಗೆ ನೋಡಿದವರು 14 ಅಲ್ಲ, ಹೆಚ್ಚುಕಡಿಮೆ ಎಲ್ಲರೂ. ‘ಬೆಳಗ್ಗೆ ನೋಡಿಕೊಂಡರಾಯಿತು’ ಎನ್ನುವುದಕ್ಕೆ ಎಷ್ಟು ಬೆಲೆ ಎಂದು ಹೇಳಲು ಬೇರೆ ಭಾಷಣ ಬೇಕಿಲ್ಲ.

ಯಾರಾದರೂ ಒಬ್ಬರು ಖಂಡಿತ ಕೇಳುತ್ತಾರೆ: ‘ಮಿಸ್, View once ಹಾಕಿದ್ರೆ?’ ಆ ಫೋಟೋವನ್ನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ವಾಟ್ಸ್ಯಾಪ್ ಬಿಡುವುದಿಲ್ಲ, ನಿಜ. ಪಕ್ಕದಲ್ಲಿ ಕೂತ ತಮ್ಮನ ಫೋನಿನ ಕ್ಯಾಮೆರಾವನ್ನು ತಡೆಯುವವರು ಯಾರು? ತಾನಾಗಿ ಮಾಯವಾಗುವ ಸಂದೇಶದ ಹೆಸರು ಮಾಡಿದ ಸ್ನ್ಯಾಪ್‌ಚಾಟ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಕ್ರಮ ಕೈಗೊಂಡಿದ್ದೂ ಇದೇ ಕಾರಣಕ್ಕೆ. ಮಾಯವಾಗುತ್ತದೆ ಎಂದು ಕಂಪನಿ ಹೇಳುತ್ತಿತ್ತು, ಪಡೆದವರು ಬೇರೆ ಆ್ಯಪ್‌ಗಳಿಂದ ಅದನ್ನು ಉಳಿಸಿಕೊಳ್ಳಬಹುದಿತ್ತು.

ಪೆನ್‌ಡ್ರೈವ್ ಪ್ರಯೋಗ

ಇಲ್ಲಿಯವರೆಗೆ ಬೇರೆಯವರ ಕೈಯಲ್ಲಿರುವ ಪ್ರತಿಯ ಮಾತಾಯಿತು. ನಮ್ಮ ಕೈಯಲ್ಲಿರುವುದನ್ನೇ ಅಳಿಸಿದರೂ ಅದು ಕೂಡಲೇ ಹೋಗುವುದಿಲ್ಲ ಎಂದು ತೋರಿಸಲು ಎಂಟು ಹತ್ತು ನಿಮಿಷ ಇಡಿ.

ಎಲ್ಲರೂ ನೋಡುತ್ತಿರುವಾಗ ಪೆನ್‌ಡ್ರೈವಿನ ಹತ್ತೂ ಫೋಟೋ ಆರಿಸಿ Delete ಒತ್ತಿ. ಪೆನ್‌ಡ್ರೈವಿನಿಂದ ಅಳಿಸಿದ್ದು ವಿಂಡೋಸ್‌ನ ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ. ಬೇಕಾದರೆ ಒಬ್ಬ ವಿದ್ಯಾರ್ಥಿಯನ್ನು ಕರೆದು ಬಿನ್ ತೆರೆಸಿ ನೋಡಿಸಿ. ಪೆನ್‌ಡ್ರೈವ್ ಖಾಲಿ, ಬಿನ್ ಖಾಲಿ. ಈಗ qphotorec_win.exe ತೆರೆಯಿರಿ (ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ, ಕೊಡಿ). ಮೇಲಿನ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಹೆಸರಿಗಿಂತ ಅಳತೆ ನೋಡಿ ಗುರುತಿಸುವುದು ಸುಲಭ, ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ನೂರಾರು ಜಿಬಿ ಇರುತ್ತದೆ. ಕೆಳಗೆ FAT32 ವಿಭಾಗ ಆರಿಸಿ, FAT/NTFS ಇರುವ ಸಾಲಿಗೆ ಗುರುತು ಹಾಕಿ, Free ಆರಿಸಿ. File Formats ಒಳಗೆ jpg ಒಂದನ್ನೇ ಬಿಡಿ, ಇಲ್ಲದಿದ್ದರೆ ಬೇಡದ ಫೈಲ್‌ಗಳೂ ಬಂದು ಗೊಂದಲವಾಗುತ್ತದೆ. Browse ಒತ್ತಿ ಸಿಕ್ಕಿದ್ದನ್ನು ಉಳಿಸುವ ಜಾಗವನ್ನು ಕಂಪ್ಯೂಟರಿನಲ್ಲೇ ಕೊಡಿ. ಅದೇ ಪೆನ್‌ಡ್ರೈವಿಗೆ ಕೊಟ್ಟರೆ ಒಂದನ್ನು ಎತ್ತುತ್ತಾ ಇನ್ನೊಂದರ ಮೇಲೆ ಬರೆದುಬಿಡುತ್ತದೆ. ಆಮೇಲೆ Search.

ಅದು ಓಡುತ್ತಿರುವಾಗ ಕಾರಣ ಹೇಳಿ. ಹಾಜರಿ ಪುಸ್ತಕದ ಹೋಲಿಕೆ ಮಕ್ಕಳಿಗೆ ಥಟ್ಟನೆ ಹಿಡಿಸುತ್ತದೆ. ಹಾಜರಿ ಪುಸ್ತಕದಲ್ಲಿ ಒಬ್ಬನ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಅವನು ಬೆಂಚಿನಿಂದ ಎದ್ದುಹೋಗುವುದಿಲ್ಲ. ಪುಸ್ತಕದ ಪ್ರಕಾರ ಆ ಜಾಗ ಖಾಲಿ, ಹೊಸದಾಗಿ ಸೇರುವ ಹುಡುಗನಿಗೆ ಅದನ್ನು ಕೊಡಬಹುದು. ಹೊಸಬ ಬಂದು ಕೂರುವವರೆಗೂ ಹಳಬ ಅಲ್ಲೇ. FAT32 ಪೆನ್‌ಡ್ರೈವಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇಷ್ಟೇ. ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ E5 ಎಂಬ ಗುರುತು ಬೀಳುತ್ತದೆ, ಅದು ಕೂತಿದ್ದ ಜಾಗ ಖಾಲಿ ಎಂದು ದಾಖಲಾಗುತ್ತದೆ. ಚಿತ್ರದ ಒಂದು ಚುಕ್ಕೆಯೂ ಅಳಿದಿರುವುದಿಲ್ಲ.

ಸ್ವಲ್ಪ ಹೊತ್ತಿಗೆ recup_dir.1 ಎಂಬ ಫೋಲ್ಡರಿನಲ್ಲಿ ಫೋಟೋಗಳು ಬಂದು ಕೂತಿರುತ್ತವೆ. ಹೆಸರು ಮಾತ್ರ ಬದಲಾಗಿರುತ್ತದೆ, f ಅಕ್ಷರದ ಮುಂದೆ ಅಂಕಿಗಳ ಸಾಲು. ತಂತ್ರಾಂಶ ಹಾಜರಿ ಪುಸ್ತಕ ನೋಡದೆ ನೇರ ಬೆಂಚುಗಳನ್ನೇ ತಡಕುತ್ತದೆ, ಹಾಗಾಗಿ ಹೆಸರು ಅದಕ್ಕೆ ಗೊತ್ತಿಲ್ಲ. ಹತ್ತರಲ್ಲಿ ಒಂದೆರಡು ಬರದೆ ಹೋದರೆ ಅಥವಾ ಅರ್ಧ ಚಿತ್ರ ಬೂದುಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಫೋಟೋ ಪೆನ್‌ಡ್ರೈವಿನಲ್ಲಿ ಚೂರುಚೂರಾಗಿ ಬೇರೆಬೇರೆ ಕಡೆ ಕೂತಿತ್ತು, ಇಲ್ಲವೇ ಅದರ ಮೇಲೆ ಬೇರೇನೋ ಬಂದು ಕೂತಿತು ಎಂದರ್ಥ.

ಪ್ರಯೋಗ ಮುಗಿದ ಕೂಡಲೇ ಬರುವ ಪ್ರಶ್ನೆ: ‘ಫೋನಲ್ಲೂ ಹೀಗೆ ತೆಗೀಬಹುದಾ ಸರ್?’ ಇಲ್ಲಿ ಉತ್ಪ್ರೇಕ್ಷೆ ಮಾಡಬೇಡಿ. ಈಗಿನ ಫೋನುಗಳ ಒಳಗಿನ ಮೆಮೊರಿ ಗೂಢಲಿಪಿಯಲ್ಲಿರುತ್ತದೆ, ಈ ತಂತ್ರಾಂಶ ಅಲ್ಲಿ ನಡೆಯುವುದಿಲ್ಲ. ಆದರೆ ಫೋನಿಗೆ ಹಾಕುವ ಎಸ್‌ಡಿ ಕಾರ್ಡ್ ಸಾಮಾನ್ಯವಾಗಿ ಈ ಪೆನ್‌ಡ್ರೈವಿನಂತೆಯೇ. ಹಳೆಯ ಫೋನ್ ಮಾರುವಾಗ, ರಿಪೇರಿಗೆ ಕೊಡುವಾಗ ಕಾರ್ಡ್ ತೆಗೆದಿಟ್ಟುಕೊಳ್ಳಬೇಕು, ಅಷ್ಟೇ. ಫೋನಿನಲ್ಲಿ ಅಳಿಸಿದ್ದು ಉಳಿಯುವುದು ಇನ್ನೂ ಸರಳ ಜಾಗದಲ್ಲಿ, ಕಸದಬುಟ್ಟಿಯಲ್ಲಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ ಅಳಿಸಿದ ಮೇಲೆ 60 ದಿನ ಅಲ್ಲಿರುತ್ತದೆ, ಐಫೋನಿನಲ್ಲಿ 30 ದಿನ. ಇನ್‌ಸ್ಟಾಗ್ರಾಮ್‌ನಲ್ಲಿ ಅಳಿಸಿದ ಪೋಸ್ಟ್ ಕೂಡ Recently deleted ಒಳಗೆ 30 ದಿನ ಇರುತ್ತದೆ. ಫೋನ್ ಕೈಗೆ ಸಿಕ್ಕ ಯಾರೇ ಆದರೂ ಎರಡು ಮೂರು ಒತ್ತಿನಲ್ಲಿ ಮರಳಿ ತರಬಹುದು. ನಿಜವಾಗಿ ಹೋಗಬೇಕೆಂದರೆ ಬುಟ್ಟಿಯನ್ನೂ ಖಾಲಿ ಮಾಡಬೇಕು.

ಕೈಗೆ ರೂಢಿ ಮಾಡಿಸುವುದು

ನಿಯಮಗಳ ಉದ್ದ ಪಟ್ಟಿ ಬರೆಸಿದರೆ ನೋಟ್ಸ್ ಆಗುತ್ತದೆ, ರೂಢಿ ಆಗುವುದಿಲ್ಲ. ಹಲಗೆಯ ಲೆಕ್ಕದಿಂದಲೇ ಹುಟ್ಟುವ ಮೂರೇ ಸಂಗತಿ ಹೇಳಿ.

ಮೊದಲನೆಯದು ಕಳಿಸುವ ಮುನ್ನದ ಕೆಲಸ, ಎರಡು ಸೆಕೆಂಡಿನದು. ಮೇಲಿರುವ ಗ್ರೂಪಿನ ಹೆಸರನ್ನು ತುಟಿ ಅಲುಗಿಸಿ ಓದಬೇಕು. ತಪ್ಪು ಗ್ರೂಪಿಗೆ ಹೋದ ಸಂದೇಶಗಳು ಬಹಳ ಸಲ ನೋಟಿಫಿಕೇಶನ್ ಒತ್ತಿ ಒಳಹೋದಾಗ, ಇಲ್ಲವೇ ಒಂದೇ ತರಹದ ಹೆಸರಿನ ಎರಡು ಗ್ರೂಪುಗಳ ನಡುವೆ ಆಗುವಂಥವು: ‘9ಬಿ’ ಮತ್ತು ‘9ಬಿ ಒನ್ಲಿ ಬಾಯ್ಸ್’. ಚಿತ್ರದಲ್ಲಿ ಇನ್ನೊಬ್ಬರ ಮುಖ ಇದ್ದರೆ ಮೊದಲು ಅವರೊಬ್ಬರಿಗೇ ಕಳಿಸಿ ‘ಗ್ರೂಪಿಗೆ ಹಾಕ್ಲಾ?’ ಎಂದು ಕೇಳುವುದು. ಹಂಪಿಯ ಫೋಟೋ ಅಲ್ಲೇ ನಿಲ್ಲುತ್ತಿತ್ತು.

ಎರಡನೆಯದು ಸಿಟ್ಟಿನಲ್ಲಿ ಬರೆದದ್ದಕ್ಕೆ. ಬರೆಯಬೇಡಿ ಎಂದರೆ ಹದಿನಾಲ್ಕು ವಯಸ್ಸಿನವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ವಾಟ್ಸ್ಯಾಪ್‌ನಲ್ಲಿ ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಇದೆ. ಸಂಪರ್ಕಗಳ ಪಟ್ಟಿಯಲ್ಲಿ ತಮ್ಮದೇ ಹೆಸರು ಒತ್ತಿದರೆ ಆಯಿತು. ಬಾಯಿಗೆ ಬಂದದ್ದೆಲ್ಲ ಅಲ್ಲಿ ಬರೆದು ಕಳಿಸಲಿ, ಬೆಳಗ್ಗೆ ಹಲ್ಲುಜ್ಜಿದ ಮೇಲೆ ಓದಲಿ. ಆಗಲೂ ಸರಿ ಅನ್ನಿಸಿದರೆ ಫಾರ್ವರ್ಡ್ ಮಾಡಲಿ. ಗ್ರೂಪಿನ ಬರೆಯುವ ಜಾಗದಲ್ಲೇ ಡ್ರಾಫ್ಟ್ ಬಿಟ್ಟು ಮಲಗುವುದು ಬೇಡ, ಬೆರಳು ತಾಗಿದರೆ ಹೋಗಿಬಿಡುತ್ತದೆ.

ಮೂರನೆಯದು ತಪ್ಪಾದ ಮೇಲಿನದು. ಇದನ್ನು ಫೋನ್ ಹಿಡಿದು ಮಾಡಿ ತೋರಿಸುವುದು ಒಳ್ಳೆಯದು, ಏಕೆಂದರೆ ಗಾಬರಿಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಸಂದೇಶವನ್ನು ಒತ್ತಿಹಿಡಿದು, ಅಳಿಸುವ ಮೊದಲು Info ತೆರೆಯಬೇಕು. ಆಂಡ್ರಾಯ್ಡ್‌ನಲ್ಲಿ ಅದು ಮೇಲಿನ ಸಾಲಿನಲ್ಲಿ ಅಥವಾ ಮೂರು ಚುಕ್ಕೆಯ ಒಳಗಿರುತ್ತದೆ, ಐಫೋನಿನಲ್ಲಿ ಸಂದೇಶವನ್ನು ಎಡಕ್ಕೆ ಎಳೆದರೆ ಬರುತ್ತದೆ. ಯಾರು ಓದಿದ್ದಾರೆ, ಯಾರಿಗೆ ತಲುಪಿದೆಯಷ್ಟೇ ಎಂಬ ಎರಡು ಪಟ್ಟಿ ಅಲ್ಲಿ ಕಾಣುತ್ತದೆ. ನೀಲಿ ಟಿಕ್ ಆಫ್ ಮಾಡಿಕೊಂಡವರ ಹೆಸರೂ ಗ್ರೂಪಿನಲ್ಲಿ ಕಾಣುತ್ತದೆ. ಓದಿದವರ ಹೆಸರನ್ನು ಒಂದು ಚೀಟಿಯಲ್ಲಿ ಗೀಚಿಕೊಳ್ಳಲು ಹತ್ತು ಹದಿನೈದು ಸೆಕೆಂಡ್ ಸಾಕು. ಒಮ್ಮೆ ಅಳಿಸಿದ ಮೇಲೆ ಆ ಪಟ್ಟಿಯನ್ನು ನಂಬಿಕೊಳ್ಳಬೇಡಿ.

ಆಮೇಲೆ Delete for everyone. ಇದಕ್ಕೆ ಸುಮಾರು ಎರಡೂವರೆ ದಿನದ ಗಡುವು ಇದೆ. ಅವಸರದಲ್ಲಿ Delete for me ಒತ್ತಿಬಿಟ್ಟರೆ ಕಳಿಸಿದವನ ಫೋನಿನಿಂದ ಮಾತ್ರ ಹೋಗಿ, ಉಳಿದ 41 ಕಡೆ ಹಾಗೇ ಇರುತ್ತದೆ, ಮತ್ತೆ ಅಳಿಸಲು ಅವನ ಹತ್ತಿರ ಸಂದೇಶವೇ ಇರುವುದಿಲ್ಲ. ಆಗ ಕೆಳಗಡೆ Undo ಎಂದು ಐದು ಸೆಕೆಂಡು ಮಾತ್ರ ಕಾಣುತ್ತದೆ. ಅದೂ ತಪ್ಪಿಹೋದರೆ ಗ್ರೂಪ್ ಅಡ್ಮಿನ್‌ಗೆ ಫೋನ್ ಮಾಡಬೇಕು, ಅವರು ಎಲ್ಲರಿಗೂ ಅಳಿಸಬಲ್ಲರು.

ಅಳಿಸಿದ ಮೇಲೆ ಗ್ರೂಪಿನಲ್ಲಿ ‘ಪ್ಲೀಸ್ ಯಾರೂ ಅದನ್ನ ನೋಡ್ಬೇಡಿ’ ಎಂದು ಗೋಳಾಡುವುದು ಬೇಡ. ನೋಡದವರಿಗೂ ಕುತೂಹಲ ಹುಟ್ಟಿ ‘ಏನಿತ್ತೋ ಅದ್ರಲ್ಲಿ?’ ಎಂದು ಹುಡುಕಾಟ ಶುರುವಾಗುತ್ತದೆ. ಚೀಟಿಯಲ್ಲಿರುವ 14 ಜನರಿಗೆ ಒಬ್ಬೊಬ್ಬರಿಗೇ ಫೋನ್: ‘ತಪ್ಪಾಗಿ ಹಾಕಿದ್ದೆ ಕಣೋ, ನಿನ್ ಫೋನಲ್ಲಿ ಉಳಿದಿದ್ರೆ ತೆಗ್ದುಬಿಡು. ಯಾರಿಗಾದ್ರೂ ಕಳ್ಸಿದ್ಯಾ?’ ಕಡೆಯ ಪ್ರಶ್ನೆ ಬಿಡಬಾರದು. ಕ್ರಿಕೆಟ್ ಗ್ರೂಪಿನ ಸುದ್ದಿ ಹೊರಬರುವುದು ಅದರಿಂದಲೇ, ಫಾರ್ವರ್ಡ್ ಮಾಡಿದವನಿಗೂ ಅದೇ ಎರಡೂವರೆ ದಿನದ ಗಡುವು. ತರಗತಿಯಲ್ಲಿ ಇಬ್ಬರನ್ನು ಎಬ್ಬಿಸಿ ಈ ಫೋನ್ ಮಾತುಕತೆಯನ್ನು ಆಡಿಸಿ ನೋಡಿ. ನಗುತ್ತಲೇ ಮಾಡುತ್ತಾರೆ, ಆದರೆ ಬೇಕಾದ ದಿನ ಬಾಯಿಗೆ ಮಾತು ಬರುತ್ತದೆ.

ಅಳಿಸಬಾರದ ಸಂದರ್ಭ

ಪಾಠದ ಕೊನೆಯ ಐದು ನಿಮಿಷ ಇದಕ್ಕೆ ಮೀಸಲಿಡಿ. ಯಾರಾದರೂ ‘ನಿನ್ನ ಫೋಟೋ ಹಂಚುತ್ತೇನೆ’ ಎಂದು ಹೆದರಿಸುತ್ತಿದ್ದರೆ ಆ ಚಾಟ್ ಅಳಿಸಬಾರದು. ಹೆದರಿದ ಮಗು ಮೊದಲು ಮಾಡುವುದೇ ಅದನ್ನು ಅಳಿಸಿ ಬ್ಲಾಕ್ ಮಾಡುವುದು, ಸಾಕ್ಷಿ ಅಲ್ಲಿಗೆ ಹೋಯಿತು. ಬೆದರಿಕೆಯ ಮಾತು, ಕಳಿಸಿದವರ ನಂಬರ್ ಅಥವಾ ಖಾತೆಯ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ದುಡ್ಡಾಗಲಿ ಇನ್ನೊಂದು ಫೋಟೋ ಆಗಲಿ ಕೊಡದೆ, ನಂಬುವ ದೊಡ್ಡವರೊಬ್ಬರಿಗೆ ಹೇಳಬೇಕು. ಮಕ್ಕಳ ಸಹಾಯವಾಣಿ 1098. ದೂರು ದಾಖಲಿಸಲು cybercrime.gov.in.

18 ತುಂಬುವ ಮೊದಲು ತೆಗೆದ ಖಾಸಗಿ ಚಿತ್ರವಾಗಿದ್ದರೆ takeitdown.ncmec.org ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಅಲ್ಲಿಗೆ ಕಳಿಸಬೇಕಾಗಿಲ್ಲ. ಫೋನಿನಲ್ಲೇ ಆ ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗಿ, ಅದು ಮಾತ್ರ ಹೋಗುತ್ತದೆ. ಸೇರಿಕೊಂಡ ತಾಣಗಳು ಆ ಸಂಕೇತ ಹಿಡಿದು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸ್ಯಾಪ್ ಚಾಟ್‌ನೊಳಗೆ ಹರಿದಾಡುತ್ತಿರುವುದಕ್ಕೆ ಇದು ತಾಗುವುದಿಲ್ಲ ಎಂದೂ ಹೇಳಿ.

ಶಿಕ್ಷಕರಿಗೆ ಒಂದು ಮಾತು. ಇಂಥ ದೂರು ಬಂದಾಗ ‘ಎಲ್ಲಿ, ಆ ಫೋಟೋ ನನಗೆ ಕಳಿಸು ನೋಡೋಣ’ ಎನ್ನಬೇಡಿ. ಪರಿಶೀಲನೆಗೆ ಎಂದು ಇನ್ನೊಬ್ಬ ಶಿಕ್ಷಕರಿಗೂ ಕಳಿಸಬೇಡಿ. ಮಕ್ಕಳ ಅಂಥ ಚಿತ್ರವನ್ನು ಇಟ್ಟುಕೊಳ್ಳುವುದಕ್ಕೂ ಹಂಚುವುದಕ್ಕೂ ಪೋಕ್ಸೊ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗಳಡಿ ಶಿಕ್ಷೆ ಇದೆ. ಏನು ನಡೆಯಿತು, ಯಾವಾಗ, ಯಾರಿಂದ ಎಂದು ಬರೆದುಕೊಂಡು ಮುಖ್ಯ ಶಿಕ್ಷಕರ ಗಮನಕ್ಕೆ ತಂದು, ಪೊಲೀಸರಿಗೆ ತಿಳಿಸಿ. ಪೋಕ್ಸೊ ವ್ಯಾಪ್ತಿಗೆ ಬರುವ ಅಪರಾಧ ಗೊತ್ತಿದ್ದೂ ತಿಳಿಸದಿರುವುದೇ ಒಂದು ಅಪರಾಧ.

ಗಂಟೆ ಹೊಡೆದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಬಹಳ ಜನ ಮರೆಯುತ್ತಾರೆ. ಪೆನ್‌ಡ್ರೈವ್ ಕಿತ್ತುಕೊಂಡು ಹೊರಟರೂ ಲ್ಯಾಬಿನ ಕಂಪ್ಯೂಟರಿನಲ್ಲಿ recup_dir.1 ಫೋಲ್ಡರ್ ಕೂತೇ ಇರುತ್ತದೆ. ಅದನ್ನು Shift ಒತ್ತಿ ಹಿಡಿದು Delete ಮಾಡಿ. ಈ ಸಲ ರಿಸೈಕಲ್ ಬಿನ್ ಮಧ್ಯೆ ಬರುವುದಿಲ್ಲ. ಬಾಗಿಲಲ್ಲಿ ನಿಂತ ಯಾರಾದರೂ ‘ಅದೂ ಪೂರ್ತಿ ಹೋಗ್ಲಿಲ್ಲ ಅಲ್ವಾ ಸರ್?’ ಎಂದು ಕೇಳಿದರೆ ಪಾಠ ಮುಟ್ಟಿದೆ.